ಅಮ್ಮ, ನೆಫ್ಟ್ ಫಾರಂ ನೀನೇ ತುಂಬು

ಮಂಡ್ಯದಲ್ಲಿರುವ ಅಮ್ಮ, ಮೈಸೂರಿನಲ್ಲಿ ಓದುವ ತಮ್ಮನ ಹಾಸ್ಟೆಲ್ ಫೀಸು ₹36,500ನ್ನು ಬ್ಯಾಂಕಿಗೆ ಹೋಗಿ ನೆಫ್ಟ್ ಮೂಲಕ, ಅಂದರೆ ತನ್ನ ಖಾತೆಯಿಂದ ನೇರ ಹಾಸ್ಟೆಲ್ ಖಾತೆಗೆ, ಕಳಿಸಬೇಕಿತ್ತು. ಜೊತೆಗೆ ಹೋಗಲು ನನಗೆ ರಜೆ ಸಿಗಲಿಲ್ಲ. ಹಿಂದಿನ ರಾತ್ರಿ ಅವಳಿಗೆ ಕಳಿಸಿದ ಮೆಸೇಜ್ ಇದು.

ಅಮ್ಮ, ಚೆಕ್ ಬುಕ್, ಪಾಸ್‌ಬುಕ್, ಕನ್ನಡಕ ಮರೀಬೇಡ. ಫಾರಂ ಅಲ್ಲೇ ಕೊಡುತ್ತಾರೆ. ಎರಡು ತಗೋ, ಒಂದು ತಪ್ಪಿದರೆ ಇನ್ನೊಂದಿರಲಿ.

ಫಾರಂನಲ್ಲಿ ಎರಡು ಭಾಗ ಇರುತ್ತವೆ. ‘ರೆಮಿಟರ್’ ಅಂದರೆ ಹಣ ಕಳಿಸುವವಳು, ನೀನು. ನಿನ್ನ ಹೆಸರು, ಖಾತೆ ನಂಬರ್ ಪಾಸ್‌ಬುಕ್ ನೋಡಿ ಬರಿ. ‘ಬೆನಿಫಿಷಿಯರಿ’ ಅಂದರೆ ಹಣ ಪಡೆಯುವವರು, ಹಾಸ್ಟೆಲ್‌ನವರು. ಅವರ ವಿವರ ತಮ್ಮ ಕಳಿಸಿದ ಚೀಟಿಯಲ್ಲಿದೆ.

ಇಲ್ಲಿ ನಿಧಾನ ಮಾಡು. ಹಣ ಹೋಗುವುದು ಖಾತೆ ನಂಬರ್ ನೋಡಿಕೊಂಡು, ಹೆಸರು ನೋಡಿಕೊಂಡಲ್ಲ. ಹೋದ ವರ್ಷ ನಾನು 3 ಇರುವ ಕಡೆ 8 ಬರೆದಿದ್ದೆ. ಅಂಥ ಖಾತೆಯೇ ಇರಲಿಲ್ಲ, ಹಾಗಾಗಿ ಹಣ ವಾಪಸ್ ಬಂತು. ಆ ನಂಬರ್ ಬೇರೆ ಯಾರದ್ದಾದರೂ ಆಗಿದ್ದರೆ ವಾಪಸ್ ಪಡೆಯಲು ತುಂಬ ಅಲೆಯಬೇಕಿತ್ತು. ಅದಕ್ಕೇ ಒಂದೊಂದು ಚೌಕಕ್ಕೆ ಒಂದೇ ಅಂಕಿ ಬರಿ. ಆಮೇಲೆ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಹಿಂದಿನಿಂದ ಮುಂದಕ್ಕೆ ಓದು. ಹಾಗೆ ಓದಿದರೆ ಕಣ್ಣು ರೂಢಿಯ ಮೇಲೆ ಓಡುವುದಿಲ್ಲ, ತಪ್ಪು ಸಿಕ್ಕಿಬಿಡುತ್ತದೆ.

ನಂತರ ಐಎಫ್‌ಎಸ್‌ಸಿ, ಅಂದರೆ ಹಾಸ್ಟೆಲ್‌ನವರ ಬ್ಯಾಂಕ್ ಶಾಖೆಯ ಕೋಡ್. ಅದು ABCD0012345 ಥರ ಇರುತ್ತದೆ, ಒಟ್ಟು 11. ಮೊದಲ ನಾಲ್ಕು ಅಕ್ಷರ. ಐದನೆಯದು ಯಾವಾಗಲೂ ಸೊನ್ನೆ, ಅದನ್ನು ಇಂಗ್ಲಿಷ್ ಓ ಅಂದುಕೊಳ್ಳಬೇಡ.

ಮೊತ್ತ ಅಂಕಿಯಲ್ಲೂ ಬರಿ, ಅಕ್ಷರದಲ್ಲೂ ಬರಿ: ಮೂವತ್ತಾರು ಸಾವಿರದ ಐನೂರು ರೂಪಾಯಿ ಮಾತ್ರ. ಶುಲ್ಕ 5 ರೂಪಾಯಿ, ಜೊತೆಗೆ ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ಆಗಲ್ಲ. ಖಾತೆಯಲ್ಲಿ ಹತ್ತು ರೂಪಾಯಿ ಹೆಚ್ಚಿಗೆ ಇದ್ದರೆ ಸಾಕು.

ಚೆಕ್ಕಿನಲ್ಲಿ ಹೆಸರಿನ ಜಾಗ ಖಾಲಿ ಬಿಡಬೇಡ. ‘ಯುವರ್‌ಸೆಲ್ಫ್ ಫಾರ್ ನೆಫ್ಟ್’ ಅಂತ ಬರಿ. ಖಾಲಿ ಬಿಟ್ಟು ಚೆಕ್ ಕಳೆದುಹೋದರೆ ಯಾರು ಬೇಕಾದರೂ ತಮ್ಮ ಹೆಸರು ಬರೆದುಕೊಳ್ಳಬಹುದು. ಸಹಿ ಮಾತ್ರ ಬ್ಯಾಂಕಿನಲ್ಲಿ ಕೊಟ್ಟಿರುವ ಹಾಗೇ ಇರಲಿ. ಅವಸರದಲ್ಲಿ ಗೀಚಿದರೆ ವಾಪಸ್ ಕೊಡುತ್ತಾರೆ.

ಕೌಂಟರಿನಲ್ಲಿ ಕೊಡುವಾಗ ಒಂದು ಮಾತು ಕೇಳು: ‘ಸಾರ್, ಈ ನಂಬರಿಗೆ ಯಾರ ಹೆಸರು ಬರುತ್ತೆ ಸ್ವಲ್ಪ ನೋಡ್ತೀರಾ?’ 2025ರಿಂದ ಹಣ ಕಳಿಸುವ ಮುಂಚೆ ಹೆಸರು ನೋಡುವ ಸೌಲಭ್ಯ ಬಂದಿದೆ. ಸಂಕೋಚ ಪಡಬೇಡ. ಹಾಸ್ಟೆಲ್ ಹೆಸರು ಬಂದರೆ ಮಾತ್ರ ಕಳಿಸಲು ಹೇಳು.

ಫಾರಂನ ಸೀಲು ಹಾಕಿದ ಅರ್ಧ ಚೀಟಿ ತಗೊಂಡು, ಅದರ ಮೇಲೆ ಯುಟಿಆರ್ ನಂಬರ್, ಅಂದರೆ ಈ ಹಣ ಕಳಿಸಿದ್ದರ ಗುರುತಿನ ನಂಬರ್, ಬರೆಸಿಕೋ. ನೆಫ್ಟ್‌ಗೆ ಅದು 16 ಅಂಕಿ-ಅಕ್ಷರ. ಹಣ ಬಂದಿಲ್ಲ ಅಂತ ಹಾಸ್ಟೆಲ್‌ನವರು ಹೇಳಿದರೆ ಹುಡುಕಲು ಬೇಕಾಗುವುದು ಅದೇ. ಫೋಟೋ ತೆಗೆದು ತಮ್ಮನಿಗೆ ಕಳಿಸು, ಆ ಚೀಟಿಯನ್ನು ಪಾಸ್‌ಬುಕ್ಕಿನೊಳಗೆ ಇಟ್ಟುಕೋ.