ಮದುವೆ ಫೋಟೊದ ಕೈಗೆ ಬಳೆ ಕೂರಿಸುವಾಗ

ಮೈಸೂರು, ಮಂಡ್ಯ ಕಡೆಯ ಸ್ಟುಡಿಯೋಗಳಲ್ಲಿ ಮದುಮಗಳ ಫೋಟೊಗೆ ಫೋಟೊಶಾಪ್‌ನಲ್ಲಿ ಹಸಿರು ಗಾಜಿನ ಬಳೆ ಸೇರಿಸಬೇಕಾದಾಗ, ಮೊದಲು ಕೈ ಯಾವ ಕಡೆ ವಾಲಿದೆ ನೋಡಿ. ಬೆರಳುಗಂಟು ದಾಟಿ ಒಳಹೋಗಬೇಕಾದ್ದರಿಂದ ಗಾಜಿನ ಬಳೆ ಮಣಿಕಟ್ಟಿಗಿಂತ ದೊಡ್ಡದೇ. ಹಾಗಾಗಿ ಅದು ಜಾರುತ್ತದೆ: ಕೈ ಎತ್ತಿದ್ದರೆ ಮೊಳಕೈ ಕಡೆಗೆ, ಇಳಿಬಿಟ್ಟಿದ್ದರೆ ಹೆಬ್ಬೆರಳ ಬುಡಕ್ಕೆ.

ಧಾರೆಯ ಫೋಟೊದಂತೆ ಕೈ ಅಡ್ಡ ಚಾಚಿದ್ದರೆ, ಬಳೆ ಮಣಿಕಟ್ಟಿನ ಮೇಲ್ಭಾಗಕ್ಕೆ ತಾಗಿ, ಕೆಳಗೆ ಸಂದು ಬಿಡಬೇಕು. ಸುತ್ತಲೂ ಸಮನಾಗಿ ಅಂಟಿಸಿದರೆ ಸ್ಟಿಕ್ಕರ್ ಹಚ್ಚಿದಂತೆ ಕಾಣುತ್ತದೆ. ಬಳೆಯ ಹಿಂದಿನ ಅರ್ಧವನ್ನು ಲೇಯರ್ ಮಾಸ್ಕ್‌ನಿಂದ ಮರೆಮಾಡಿ. ಆದರೆ ಕೆಳಗಿನ ಸಂದಿನಲ್ಲಿ ಕಾಣುವ ಹಿಂಬದಿಯ ಅಂಚನ್ನು ಅಳಿಸಬೇಡಿ, ಎಲ್ಲರೂ ತಪ್ಪುವುದು ಇಲ್ಲೇ.

ಡಜನ್ ಬಳೆಗೆ ಒಂದನ್ನೇ ಹನ್ನೆರಡು ಸಲ ಕಾಪಿ ಮಾಡಿದರೆ ಹೊಳಪು ಒಂದೇ ಸಾಲಿಗೆ ಬಂದು ಸಿಕ್ಕಿಬೀಳುತ್ತೀರಿ. ಒಂದೊಂದನ್ನೂ Ctrl+T ಒತ್ತಿ ಒಂದೆರಡು ಡಿಗ್ರಿ ತಿರುಗಿಸಿ, ಒಂದೆರಡು ಬಳೆ ಪಕ್ಕದ್ದರ ಮೇಲೆ ತುಸು ಏರಲಿ. ಎರಡೂ ಕೊನೆಗೆ ಚಿನ್ನದ ಬಳೆ ಇಟ್ಟರೆ ಜೋಡಣೆ ನಮ್ಮ ಕಡೆಯದೇ ಅನ್ನಿಸುತ್ತದೆ.

ನೆರಳಿಗೆ ಕಪ್ಪು ಬೇಡ. ಅದೇ ಕೈಯ ನೆರಳಿರುವ ಚರ್ಮದಿಂದ ಬಣ್ಣ ಎತ್ತಿ, Multiply ಲೇಯರ್‌ನಲ್ಲಿ ಹಚ್ಚಿ. ಬಳೆ ತಾಗುವಲ್ಲಿ ಗೆರೆಯಷ್ಟು ತೆಳು, ಗಾಢ. ಸಂದು ಅಗಲವಾದಂತೆ ಮಸುಕು. ಗಾಜಿನಲ್ಲಿ ಬೆಳಕು ಹಾಯುವುದರಿಂದ ಆ ನೆರಳಿಗೆ ಒಂಚೂರು ಹಸಿರು ಬೆರೆಸಿ. ಚಿನ್ನದ ಬಳೆಗೆ ಅದು ಬೇಕಿಲ್ಲ.