ಲಿಂಕ್ ಸಿಕ್ಕವರಿಗೆಲ್ಲ ಕಾಣುತ್ತಿದ್ದ ನಾಮಕರಣ

ಮಗಳ ಮಗುವಿನ ನಾಮಕರಣದ ವಿಡಿಯೊವನ್ನು ಮಗನ ಮಗ ಯೂಟ್ಯೂಬಿಗೆ ಹಾಕಿ, ಮನೆಯವರ ವಾಟ್ಸಾಪ್ ಗ್ರೂಪಿಗೆ ಲಿಂಕ್ ಕಳಿಸಿದ. ತುಂಬಾ ಚೆನ್ನಾಗಿತ್ತು. ಆದರೆ ಶುರುವಾಗುವುದೇ ಆಮಂತ್ರಣ ಪತ್ರಿಕೆಯಿಂದ. ಅದರಲ್ಲಿ ಮನೆ ವಿಳಾಸ. ಆಮೇಲೆ ತಟ್ಟೆಯ ಅಕ್ಕಿಯಲ್ಲಿ ಅಳಿಯಂದಿರು ಉಂಗುರದಿಂದ ಬರೆದ ಮಗುವಿನ ಹೆಸರು. ನನಗೆ ಚಿಂತೆ ಹತ್ತಿತು. ಇದನ್ನು ಬೇರೆಯವರೂ ನೋಡಬಹುದಾ?

ಮೊಮ್ಮಗನಿಗೆ ಫೋನ್ ಮಾಡಿದೆ. "ತಾತ, ಪ್ರೈವೇಟೇ ಇದೆ. ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತೆ" ಅಂದ. ಇವೆರಡೂ ಒಂದೇ ಅಲ್ಲವಲ್ಲ ಎಂದು ನನಗೆ ಅನುಮಾನ ಬಂತು. ಪ್ರೈವೇಟ್ ಅಂದರೆ, ಅವನು ಯಾರ ಇಮೇಲ್ ಸೇರಿಸಿದ್ದಾನೋ ಅವರು ಮಾತ್ರ ನೋಡಬಹುದು. ಲಿಂಕ್ ಇದ್ದವರೆಲ್ಲ ನೋಡುವುದಾದರೆ ಅದು Unlisted.

ನನ್ನ ಫೋನಿನಲ್ಲಿ ವಿಡಿಯೊ ಓಡಿತು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಅಲ್ಲಿ ನನ್ನ ಜಿಮೇಲ್ ತೆರೆದೇ ಇರುತ್ತದೆ, ಅವನು ನನ್ನನ್ನು ಸೇರಿಸಿರಲೂಬಹುದು. ಹಾಗಾಗಿ ಲಿಂಕ್ ಒತ್ತದೆ ಕಾಪಿ ಮಾಡಿಕೊಂಡೆ. ಕ್ರೋಮ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, New Incognito tab ಆರಿಸಿ ಅಲ್ಲಿ ಪೇಸ್ಟ್ ಮಾಡಿದೆ. ಈ ಟ್ಯಾಬಿನಲ್ಲಿ ಲಾಗಿನ್ ಆಗದಿದ್ದರೆ ಯೂಟ್ಯೂಬಿಗೆ ನಾನು ಯಾರೋ ಅಪರಿಚಿತ. ಆದರೂ ಪತ್ರಿಕೆ, ವಿಳಾಸ, ಎಲ್ಲ ಕಂಡಿತು. ಅಲ್ಲಿಗೆ ಪ್ರೈವೇಟ್ ಅಲ್ಲ ಎನ್ನುವುದು ಖಾತ್ರಿಯಾಯಿತು.

ಹಾಗಾದರೆ ಪೂರ್ತಿ ಪಬ್ಲಿಕ್ಕಾ? ಅದೇ ಟ್ಯಾಬಿನಲ್ಲಿ ವಿಡಿಯೊದ ಶೀರ್ಷಿಕೆ ಹಾಕಿ ಹುಡುಕಿದೆ. ಸಿಗಲಿಲ್ಲ. ಆದರೆ ಹುಡುಕಾಟವನ್ನೇ ನಂಬಬಾರದು, ಹೊಸ ಪಬ್ಲಿಕ್ ವಿಡಿಯೊ ಕೂಡ ಕೆಲವೊಮ್ಮೆ ಅಲ್ಲಿ ಬರುವುದಿಲ್ಲ. ಅದಕ್ಕೆ ಅವನ ಚಾನೆಲ್ಲಿಗೆ ಹೋಗಿ Videos ನೋಡಿದೆ. ಅವನ ಕ್ರಿಕೆಟ್ ವಿಡಿಯೊಗಳಿದ್ದವು, ನಾಮಕರಣ ಇರಲಿಲ್ಲ. ಅಲ್ಲಿಗೆ Unlisted ಎಂದು ತಿಳಿಯಿತು.

ಸಂಜೆ ಅವನು ಮನೆಗೆ ಬಂದಾಗ ಆ ಟ್ಯಾಬ್ ತೋರಿಸಿದೆ. "ನೋಡು ಮಗೂ, ಗ್ರೂಪಿನಲ್ಲಿ 43 ಜನ ಇದ್ದೇವೆ. ಒಬ್ಬರು ಇನ್ನೊಂದು ಗ್ರೂಪಿಗೆ ಕಳಿಸಿದರೆ ಅಲ್ಲಿರುವವರಿಗೂ ಕಾಣುತ್ತೆ, ಅಲ್ವಾ?" ಅವನು ವಾದ ಮಾಡಲಿಲ್ಲ. ವಿಡಿಯೊದ Visibility ತೆರೆದು Private ಮಾಡಿದ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೊ ತೆರೆದು ಹತ್ತಿರದ 9 ಜನರ ಜಿಮೇಲ್ ವಿಳಾಸ ಸೇರಿಸಿದ. ಪತ್ರಿಕೆಯ ಭಾಗವನ್ನೂ ಕತ್ತರಿಸಿದ. ಅಷ್ಟರಲ್ಲಿ ಯಾರಾದರೂ ಇಳಿಸಿಕೊಂಡಿದ್ದರೆ ಅದಕ್ಕೆ ದಾರಿಯಿಲ್ಲ. ಗ್ರೂಪಿನಲ್ಲಿ ಕೇಳಿದೆ, ಯಾರೂ ಇಳಿಸಿಕೊಂಡಿಲ್ಲ ಅಂದರು.

ಹಳೆಯ ಇನ್‌ಕಾಗ್ನಿಟೊ ಟ್ಯಾಬ್ ಮುಚ್ಚಿ, ಹೊಸದರಲ್ಲಿ ಅದೇ ಲಿಂಕ್ ಹಾಕಿದೆ. ವಿಡಿಯೊ ಪ್ರೈವೇಟ್ ಎಂದು ಬಂತು.

ಒಂದೇ ತೊಡಕು, ನನ್ನ ಅಕ್ಕನದು. ಅವಳ ಫೋನಿನಲ್ಲಿ ಯಾವ ಜಿಮೇಲ್ ಇದೆಯೋ ಅವಳಿಗೇ ಗೊತ್ತಿಲ್ಲ. ಭಾನುವಾರ ಅವಳ ಮನೆಗೆ ಹೋಗಿ ನನ್ನ ಫೋನಿನಲ್ಲೇ ತೋರಿಸಿದೆ. ತೊಟ್ಟಿಲು ತೂಗುವ ಜಾಗವನ್ನು ಮೂರು ಸಲ ಹಾಕಿಸಿಕೊಂಡಳು.