ಡೆಡ್‌ಲಾಕ್ ಸ್ಲೈಡ್‌ಗಳಿಂದ ಹತ್ತು ಅಂಕದ ಪ್ರಶ್ನೆ: ನನ್ನ ಅನುಭವ

ಬಿಸಿಎ ತರಗತಿಗೆ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುವ ನನಗೆ ಪ್ರಶ್ನೆಪತ್ರಿಕೆ ತೆಗೆಯುವಾಗ ಕೈಗೆ ಮೊದಲು ಸಿಗುವುದು ಅಧ್ಯಾಯದ ಸ್ಲೈಡ್‌ಗಳು. ತಲೆಬರಹದ ಮುಂದೆ ‘ವಿವರಿಸಿ’ ಎಂದು ಸೇರಿಸಿದರೆ ಪ್ರಶ್ನೆ ಮುಗಿಯಿತು. ಆದರೆ ‘ಬ್ಯಾಂಕರ್ಸ್ ಅಲ್ಗಾರಿದಮ್ ವಿವರಿಸಿ’ ಎಂದು ಕೇಳಿದರೆ ಉತ್ತರಪತ್ರಿಕೆಯಲ್ಲಿ ಸ್ಲೈಡಿನ ಬುಲೆಟ್‌ಗಳೇ ಸಾಲಾಗಿ ಬಂದು ಕೂರುತ್ತವೆ. ಅರ್ಥವಾಗಿದ್ದವನೂ ಬಾಯಿಪಾಠ ಮಾಡಿದವನೂ ಒಂದೇ ಉತ್ತರ ಬರೆದಿರುತ್ತಾರೆ.

ಹಾಗಾಗಿ ನಾನು ಸ್ಲೈಡ್‌ನಲ್ಲಿ ಇರುವುದನ್ನಲ್ಲ, ಅದನ್ನು ತೋರಿಸುತ್ತಾ ಬಾಯಲ್ಲಿ ಹೇಳುವುದನ್ನು ಹುಡುಕುತ್ತೇನೆ. ಪ್ರೋಸೆಸ್‌ಗಳು ಒಂದಕ್ಕೊಂದು ಕಾಯುತ್ತಾ ಸಿಕ್ಕಿಕೊಳ್ಳುವ ಡೆಡ್‌ಲಾಕ್‌ಗೆ 1971ರಲ್ಲಿ ಕಾಫ್‌ಮನ್ ಮತ್ತು ಸಂಗಡಿಗರು ಪಟ್ಟಿ ಮಾಡಿದ ನಾಲ್ಕು ಷರತ್ತುಗಳು ಸ್ಲೈಡಿನಲ್ಲಿ ಪೂರ್ತಿ ಇವೆ. ಅದು ನಾಲ್ಕು ಅಂಕದ ಪ್ರಶ್ನೆಗೆ ಸಾಕು. ಡೆಡ್‌ಲಾಕ್ ತಪ್ಪಿಸುವ ಬ್ಯಾಂಕರ್ಸ್ ಅಲ್ಗಾರಿದಮ್‌ನಲ್ಲಿ ಮಾತ್ರ ಸ್ಲೈಡು ಕೋಷ್ಟಕ ತೋರಿಸಿ ಸುಮ್ಮನಾಗುತ್ತದೆ. ಕೈಯಲ್ಲಿ ರಿಸೋರ್ಸ್ ಇದ್ದರೂ ಕೇಳಿದವನಿಗೆ ಯಾಕೆ ಕೊಡಬಾರದು ಎಂಬುದನ್ನು ಮೇಷ್ಟ್ರೇ ಹೇಳಬೇಕು. ದೀರ್ಘ ಉತ್ತರದ ಪ್ರಶ್ನೆ ಇರುವುದು ಅಲ್ಲೇ.

ಸ್ಲೈಡಿನ ಅಂಕಿಗಳನ್ನು ಬಿಟ್ಟು ಹೊಸದಾಗಿ ಬರೆದುಕೊಂಡೆ. ಒಂದೇ ಬಗೆಯ ರಿಸೋರ್ಸ್, ಒಟ್ಟು 10. P0 ಎಂಬ ಪ್ರೋಸೆಸ್‌ಗೆ ಗರಿಷ್ಠ 7 ಬೇಕು, ಈಗ 3 ಹಿಡಿದಿದೆ. P1ಗೆ ಗರಿಷ್ಠ 4, ಹಿಡಿದಿರುವುದು 2. P2ಗೆ ಗರಿಷ್ಠ 5, ಹಿಡಿದಿರುವುದು 2. ಅ) ಪ್ರತಿಯೊಂದಕ್ಕೂ ಇನ್ನೆಷ್ಟು ಬೇಕು, ಎಷ್ಟು ಖಾಲಿ ಇದೆ? (3 ಅಂಕ) ಆ) ಒಂದು ಸೇಫ್ ಸೀಕ್ವೆನ್ಸ್ ತೋರಿಸಿ. (3) ಇ) P0 ಈಗ ಇನ್ನೂ 2 ಕೇಳಿದರೆ ಕೊಡಬಹುದೇ? ಕಾರಣ ಕೊಡಿ. (4)

ಪ್ರಶ್ನೆ ಟೈಪ್ ಮಾಡುವ ಮೊದಲೇ ಉತ್ತರವನ್ನು ಪೆನ್ನಿನಲ್ಲಿ ಪೂರ್ತಿ ಬರೆಯುತ್ತೇನೆ. ಅಂಕ ಹಂಚುವ ಸ್ಕೀಮ್ ಎಲ್ಲಿ ಜಾರುತ್ತದೆ ಎಂಬುದು ಆಗಲೇ ಗೊತ್ತಾಗುತ್ತದೆ. ಇಲ್ಲಿ ಬೇಕಿರುವುದು ಕ್ರಮವಾಗಿ 4, 2, 3. ಖಾಲಿ ಇರುವುದು 3. ಒಂದೊಂದೇ ಮುಗಿದು ಹಿಡಿದದ್ದನ್ನು ಬಿಡುತ್ತಾ P1, P2, P0 ಎಂದು ಹೋದರೆ ಖಾಲಿ ಸಂಖ್ಯೆ 3ರಿಂದ 5, 7, ಕೊನೆಗೆ 10. ಆದರೆ P1, P0, P2 ಕೂಡ ಸರಿ. P2ರಿಂದ ಶುರು ಮಾಡಿದರೆ ಇನ್ನೂ ಎರಡು ದಾರಿ. ಒಟ್ಟು ನಾಲ್ಕು ಸರಿ ಉತ್ತರಗಳಿದ್ದು ಸ್ಕೀಮ್‌ನಲ್ಲಿ ಒಂದನ್ನೇ ಅಚ್ಚು ಹಾಕಿದರೆ, ಮೌಲ್ಯಮಾಪನದ ಕೊನೆಯ ಕಟ್ಟಿನಲ್ಲಿ ಸುಸ್ತಾಗಿರುವವರು ಉಳಿದ ಮೂರಕ್ಕೂ ಸೊನ್ನೆ ಸುತ್ತುತ್ತಾರೆ. ನಾಲ್ಕನ್ನೂ ಬರೆದು, ‘P0 ಮೊದಲು ಬಂದರೆ ತಪ್ಪು, ಸರಿಯಾದ ಯಾವ ಕ್ರಮದಲ್ಲೂ ಕೊನೆಯ ಖಾಲಿ ಸಂಖ್ಯೆ 10 ಆಗಲೇಬೇಕು’ ಎಂದು ಸೇರಿಸುತ್ತೇನೆ. ಮಧ್ಯದ ಎರಡು ಸಂಖ್ಯೆಗಳಿಗೆ ತಲಾ ಒಂದು ಅಂಕ, ಸೀಕ್ವೆನ್ಸ್‌ಗೆ ಒಂದು.

ಇ ಭಾಗದಲ್ಲಿ ‘3 ಖಾಲಿ ಇದೆ, 2 ಕೇಳಿದೆ, ಕೊಡಬಹುದು’ ಎಂದು ಬಹಳ ಮಂದಿ ನಿಲ್ಲಿಸುತ್ತಾರೆ. ಕೊಟ್ಟೆವು ಎಂದುಕೊಂಡು ನೋಡಿದರೆ ಖಾಲಿ ಉಳಿಯುವುದು 1. ಬೇಕಿರುವುದು 2, 2, 3. ಯಾರೂ ಮುಗಿಯುವಂತಿಲ್ಲ, ಆದ್ದರಿಂದ P0 ಕಾಯಬೇಕು. ಕೇಳಿದ್ದು ಅಗತ್ಯವನ್ನೂ ಖಾಲಿ ಇರುವುದನ್ನೂ ಮೀರಿಲ್ಲ ಎಂದು ಹೋಲಿಸಿದ್ದಕ್ಕೆ ಒಂದು ಅಂಕ. ಕೊಟ್ಟ ನಂತರದ ಸ್ಥಿತಿಗೆ ಒಂದು, ಮೂರನ್ನೂ ಪರೀಕ್ಷಿಸಿದ್ದಕ್ಕೆ ಒಂದು, ಕಾರಣದೊಂದಿಗೆ ತೀರ್ಮಾನಕ್ಕೆ ಒಂದು. ‘ಡೆಡ್‌ಲಾಕ್ ಆಗಿಯೇಬಿಡುತ್ತದೆ’ ಎಂದು ಬರೆದರೆ ತೀರ್ಮಾನಕ್ಕೆ ಅರ್ಧ ಅಂಕ ಮಾತ್ರ. ಅನ್‌ಸೇಫ್ ಎಂದರೆ ಡೆಡ್‌ಲಾಕ್ ಆಗಬಹುದು ಎಂದಷ್ಟೇ. ಪ್ರೋಸೆಸ್ ತನ್ನ ಗರಿಷ್ಠವನ್ನು ಕೇಳದೆಯೂ ಇರಬಹುದು.

ಅ ಭಾಗದ ತಪ್ಪು ಮುಂದಕ್ಕೆ ಹರಿದರೆ ಏನು ಮಾಡಬೇಕೆಂಬುದು ತೀರ್ಮಾನಕ್ಕೆ ಬಿಟ್ಟ ವಿಷಯ. P0ಗೆ 4ರ ಬದಲು 3 ಬೇಕು ಎಂದು ಕಳೆದವನಿಗೆ P0ನೇ ಮೊದಲು ಬರಬಹುದು. ಅವನ ಅಂಕಿಗಳ ಪ್ರಕಾರ ಅದು ಸರಿ, ‘ಆ’ ಭಾಗದ ಅಂಕ ಪೂರ್ತಿ ಕೊಡಿ ಎನ್ನುತ್ತೇನೆ. ಇ ಭಾಗದಲ್ಲಿ ಮಾತ್ರ ಉತ್ತರವೇ ತಲೆಕೆಳಗಾಗುತ್ತದೆ: ಅವನ ಲೆಕ್ಕದಲ್ಲಿ P0ಗೆ ಇನ್ನು 1 ಸಾಕು, ಖಾಲಿಯೂ 1 ಇದೆ, ಆದ್ದರಿಂದ ಕೊಡಬಹುದು. ವಿಧಾನಕ್ಕೆ ಮೂರು ಅಂಕ ಕೊಟ್ಟು ತೀರ್ಮಾನದ ಒಂದನ್ನು ಹಿಡಿಯುತ್ತೇನೆ, ಏಕೆಂದರೆ ಆ ತಪ್ಪು ಪ್ರಶ್ನೆಯ ಗಂಟನ್ನೇ ಬಿಚ್ಚಿಬಿಟ್ಟಿದೆ. ನಮ್ಮ ವಿಭಾಗದಲ್ಲಿ ಕೆಲವರಿಗೆ ಇದು ಕಠಿಣ ಅನಿಸಿತು. ಇರಲಿ, ಇಬ್ಬರು ಮೌಲ್ಯಮಾಪಕರು ಎರಡು ರೀತಿ ಕೊಡುವುದಕ್ಕಿಂತ ಮೇಲು.

ಸ್ಕೀಮ್ ಆದಮೇಲೆ ಈ ಪಾಠ ಮಾಡದ ಒಬ್ಬ ಸಹೋದ್ಯೋಗಿಗೆ ಮೂರು ಉತ್ತರ ಬರೆದು ಕೊಡುತ್ತೇನೆ: ಒಂದು ಪೂರ್ತಿ ಸರಿ, ಒಂದು ಕಳೆಯುವಲ್ಲಿ ತಪ್ಪಿದ್ದು, ಒಂದು ಬರೀ ಸ್ಲೈಡಿನ ಬುಲೆಟ್‌ಗಳು. ಅವರ ಅಂಕಕ್ಕೂ ನನ್ನದಕ್ಕೂ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಭಾಗದ ಸಾಲನ್ನು ತಿದ್ದುತ್ತೇನೆ. ಬುಲೆಟ್‌ಗಳಷ್ಟೇ ಇರುವ ಉತ್ತರಕ್ಕೆ ಮೂರು ಅಂಕ ದಾಟಿದರೆ ತಿದ್ದುವುದು ಸ್ಕೀಮ್ ಅಲ್ಲ, ಪ್ರಶ್ನೆಯನ್ನೇ.